ಡೀಸೆಲ್ ಫೈರ್ ಪಂಪ್, ಪಕ್ಕದಲ್ಲಿ ಜಾಕಿ ಪಂಪ್: ಸಕ್ಷನ್ ಪೈಪಿನಿಂದ ಹಸ್ತಾಂತರ ಪರೀಕ್ಷೆಯವರೆಗೆ

ಪಂಪಿನೊಳಗೆ ಯಾರೋ ಜಲ್ಲಿಕಲ್ಲು ಸುರಿದ ಹಾಗೆ ಸದ್ದು ಬರುತ್ತಿತ್ತು. ಹಸ್ತಾಂತರ ಪರೀಕ್ಷೆಯ ದಿನ ಅದು. ಪರೀಕ್ಷೆಯ ನೀರನ್ನು ಹೊರಗೆ ಬಿಡುವ ಟೆಸ್ಟ್ ಹೆಡರಿನ ನಾಲ್ಕೂ ವಾಲ್ವ್ ತೆರೆದಿದ್ದೆವು. ನಿಮಿಷಕ್ಕೆ 5,678 ಲೀಟರ್ ಬರಬೇಕಿತ್ತು. 4,900 ದಾಟಲೇ ಇಲ್ಲ. ಡಿಸ್ಚಾರ್ಜ್ ಗೇಜ್ 4.3 ಬಾರ್ ತೋರಿಸುತ್ತಿತ್ತು. "ಪಂಪೇ ಸರಿ ಇಲ್ಲ ಸರ್, ವಾಪಸ್ ಕಳಿಸೋಣ" ಎಂದರು ಜೋಡಿಸಿದವರು. ಸಕ್ಷನ್ ಗೇಜನ್ನು ಯಾರೂ ನೋಡಿರಲಿಲ್ಲ. ಅದರ ಮುಳ್ಳು ಮೈನಸ್ 0.55 ಬಾರಿನಲ್ಲಿ ನಡುಗುತ್ತಿತ್ತು.

ಆ ಪಂಪಿಗೆ ಆಮೇಲೆ ಏನಾಯಿತು ಎಂದು ಕೊನೆಯಲ್ಲಿ ಹೇಳುತ್ತೇನೆ. ಅದೇ ಪಂಪನ್ನು ಉದಾಹರಣೆಯಾಗಿ ಇಟ್ಟುಕೊಂಡು, ಜೋಡಣೆಯನ್ನು ಮೊದಲಿನಿಂದ ನೋಡೋಣ. ಅಂಕಿಗಳು ಹೀಗಿವೆ: ರೇಟೆಡ್ ಹರಿವು ನಿಮಿಷಕ್ಕೆ 3,785 ಲೀಟರ್, ಅಂದರೆ 1,000 ಗ್ಯಾಲನ್. ರೇಟೆಡ್ ಒತ್ತಡ 7 ಬಾರ್. ವೇಗ 2,100 ಆರ್‌ಪಿಎಂ. ಅಡ್ಡಡ್ಡ ಮಲಗಿಸಿದ ಸ್ಪ್ಲಿಟ್ ಕೇಸ್ ಪಂಪ್, ಡೀಸೆಲ್ ಎಂಜಿನ್, ಪಕ್ಕದಲ್ಲಿ ನೆಲಮಟ್ಟದ ಟ್ಯಾಂಕ್. ನಿಯಮಗಳ ಮಟ್ಟಿಗೆ ನಾನು ಹಿಡಿದಿರುವುದು ಫೈರ್ ಪಂಪ್ ಜೋಡಣೆಯ ಅಮೆರಿಕನ್ ಸಂಹಿತೆ ಎನ್‌ಎಫ್‌ಪಿಎ 20. ನಿಮ್ಮ ಕೆಲಸಕ್ಕೆ ಬೇರೆ ಸಂಹಿತೆ ಅನ್ವಯಿಸಿದರೆ ಅಂಕಿಗಳು ಸ್ವಲ್ಪ ಬದಲಾಗಬಹುದು, ತರ್ಕ ಬದಲಾಗುವುದಿಲ್ಲ.

ಮೊದಲ ಹೆಜ್ಜೆ: ಪಂಪಿನ ಕರ್ವ್ ಓದಿ

ಫೈರ್ ಪಂಪಿಗೆ ಮೂರು ಬಿಂದುಗಳು ಮುಖ್ಯ. ಒಂದು, ನೀರು ಹೊರಗೆ ಹೋಗದೆ ಪಂಪ್ ಸುಮ್ನೆ ತಿರುಗುವಾಗಿನ ಒತ್ತಡ. ಇದಕ್ಕೆ ಚರ್ನ್ ಅನ್ನುತ್ತಾರೆ. ಇದು ರೇಟೆಡ್ ಒತ್ತಡದ ಶೇ. 140 ದಾಟಬಾರದು. ಎರಡು, ರೇಟೆಡ್ ಬಿಂದು. ಮೂರು, ಶೇ. 150 ಹರಿವು. ಅಲ್ಲಿ ಒತ್ತಡ ರೇಟೆಡ್ ಒತ್ತಡದ ಶೇ. 65ಕ್ಕಿಂತ ಕಡಿಮೆ ಆಗಬಾರದು.

ನಮ್ಮ ಪಂಪಿನ ಕಾರ್ಖಾನೆ ಕರ್ವ್ ಪ್ರಕಾರ ಚರ್ನ್ 8.4 ಬಾರ್, ರೇಟೆಡ್ ಬಿಂದುವಿನಲ್ಲಿ 7 ಬಾರ್, 5,678 ಲೀಟರಿಗೆ 5.2 ಬಾರ್. ಈ ಕರ್ವಿನ ಸಹಿ ಮಾಡಿದ ಪ್ರತಿ ಕೈಯಲ್ಲಿಲ್ಲದೆ ಪರೀಕ್ಷೆಗೆ ಇಳಿಯಬೇಡಿ. ಹೋಲಿಸಿ ನೋಡುವುದಕ್ಕೆ ಬೇರೆ ಏನೂ ಇರುವುದಿಲ್ಲ.

ಸಕ್ಷನ್: ಜಾಸ್ತಿ ಹೊತ್ತು ಇಲ್ಲೇ ನಿಲ್ಲೋಣ

ಪಂಪ್ ನೀರನ್ನು ಎಳೆಯುತ್ತದೆ ಎಂದು ನಾವು ಮಾತಿಗೆ ಹೇಳುತ್ತೇವೆ. ನಿಜವಾಗಿ ಅದು ಎಳೆಯುವುದಿಲ್ಲ. ಟ್ಯಾಂಕಿನ ನೀರಿನ ಎತ್ತರ ಮತ್ತು ಗಾಳಿಯ ಒತ್ತಡ ಸೇರಿ ನೀರನ್ನು ಪಂಪಿನ ಬಾಯಿಗೆ ತಳ್ಳುತ್ತವೆ. ಆ ತಳ್ಳುವಿಕೆ ಸಾಲದಿದ್ದರೆ ಇಂಪೆಲರಿನ ಬಾಯಲ್ಲೇ ನೀರು ಆವಿಯಾಗಿ ಗುಳ್ಳೆಯಾಗುತ್ತದೆ. ಮುಂದೆ ಒತ್ತಡ ಹೆಚ್ಚಿದ ಕಡೆ ಆ ಗುಳ್ಳೆಗಳು ಒಡೆಯುತ್ತವೆ. ಜಲ್ಲಿಕಲ್ಲಿನ ಸದ್ದು ಅದೇ, ಕ್ಯಾವಿಟೇಶನ್.

ಹಾಗಾಗಿ ಮಲಗಿಸಿದ ಸ್ಪ್ಲಿಟ್ ಕೇಸ್ ಪಂಪಿನ ವಿಷಯದಲ್ಲಿ ಮೊದಲ ಷರತ್ತು: ನೀರು ಯಾವಾಗಲೂ ಪಂಪಿಗೆ ತಾನಾಗಿ ಹರಿದು ಬರುವಂತಿರಬೇಕು. ಟ್ಯಾಂಕ್ ಪಂಪಿಗಿಂತ ಕೆಳಗೆ, ನೆಲದೊಳಗೆ ಇದ್ದರೆ ಈ ಪಂಪ್ ಬೇಡ, ವರ್ಟಿಕಲ್ ಟರ್ಬೈನ್ ಪಂಪ್ ಹಾಕಿ. ಫುಟ್ ವಾಲ್ವ್ ಇಟ್ಟು, ಪ್ರೈಮಿಂಗ್ ಟ್ಯಾಂಕ್ ಇಟ್ಟು ಹೇಗೋ ನಡೆಸುವ ಜೋಡಣೆಗಳನ್ನು ನೋಡಿದ್ದೇನೆ. ಫುಟ್ ವಾಲ್ವಿಗೆ ಒಂದು ಕಸ ಸಿಕ್ಕಿಕೊಂಡರೆ ಪೈಪ್ ರಾತ್ರೋರಾತ್ರಿ ಖಾಲಿ. ಬೆಳಿಗ್ಗೆ ಎಂಜಿನ್ ಚೆನ್ನಾಗಿಯೇ ಓಡುತ್ತದೆ, ನೀರು ಮಾತ್ರ ಬರುವುದಿಲ್ಲ.

ಎರಡನೆಯದು ಪೈಪಿನ ಅಳತೆ. ಶೇ. 150 ಹರಿವಿನಲ್ಲಿ ಪಂಪಿನ ಸಕ್ಷನ್ ಫ್ಲೇಂಜಿಗೆ ಹತ್ತಿರದ ಪೈಪಿನಲ್ಲಿ ನೀರಿನ ವೇಗ ಸೆಕೆಂಡಿಗೆ 4.57 ಮೀಟರ್ ದಾಟಬಾರದು. ನಮ್ಮ ಲೆಕ್ಕ ನೋಡಿ. 5,678 ಲೀಟರ್ ಅಂದರೆ ಸೆಕೆಂಡಿಗೆ 0.0946 ಘನ ಮೀಟರ್. 150 ಮಿ.ಮೀ ಪೈಪಿನಲ್ಲಿ ಇದು 5.36 ಮೀಟರ್ ವೇಗದಲ್ಲಿ ಓಡುತ್ತದೆ, ಅನುತ್ತೀರ್ಣ. 200 ಮಿ.ಮೀ ಪೈಪಿನಲ್ಲಿ 3 ಮೀಟರ್. ಆದ್ದರಿಂದ 200. ಪಂಪಿನ ಫ್ಲೇಂಜ್ 150 ಇದೆ ಅಂತ ಪೈಪನ್ನೂ 150 ಹಾಕುವವರು ಇದ್ದಾರೆ. ಹರಿವು ಕಡಿಮೆ ಇದ್ದಾಗ ಅದೂ ನಡೆದಂತೆ ಕಾಣುತ್ತದೆ. ಬಣ್ಣ ಬಯಲಾಗುವುದು ಶೇ. 150ರಲ್ಲಿ.

ಮೂರನೆಯದು ಗಾಳಿ. 200ರ ಪೈಪಿನಿಂದ 150ರ ಫ್ಲೇಂಜಿಗೆ ಇಳಿಯಲು ಎಕ್ಸೆಂಟ್ರಿಕ್ ರಿಡ್ಯೂಸರ್ ಬೇಕು, ಚಪ್ಪಟೆ ಬದಿ ಮೇಲಕ್ಕೆ. ಎರಡೂ ಬದಿ ಸಮನಾಗಿ ಕಿರಿದಾಗುವ ರಿಡ್ಯೂಸರ್ ಹಾಕಿದರೆ ಮೇಲ್ಭಾಗದಲ್ಲಿ ಗಾಳಿ ಕೂರಲು ಜಾಗ ಸಿಗುತ್ತದೆ. ಚಪ್ಪಟೆ ಬದಿಯನ್ನು ಕೆಳಗೆ ಮಾಡಿದರೆ ಇನ್ನೂ ಕೆಟ್ಟದ್ದು. ಪೈಪ್ ದಾರಿಯಲ್ಲಿ ಎಲ್ಲೂ ಎದ್ದು ಬಿದ್ದು ಗೂನು ಮಾಡಬಾರದು, ಅಲ್ಲೂ ಗಾಳಿ ನಿಲ್ಲುತ್ತದೆ.

ಟ್ಯಾಂಕಿನೊಳಗೆ ಪೈಪಿನ ಬಾಯಿಗೆ ವೋರ್ಟೆಕ್ಸ್ ಪ್ಲೇಟ್ ಹಾಕಬೇಕು. ನೀರಿನ ಮಟ್ಟ ಇಳಿದಾಗ ಸುಳಿ ಎದ್ದು ಗಾಳಿ ಒಳಗೆ ಹೋಗದಂತೆ ಅದು ತಡೆಯುತ್ತದೆ. ತಟ್ಟೆಯ ಅಗಲ ಪೈಪಿನ ವ್ಯಾಸದ ಎರಡು ಪಟ್ಟಾದರೂ ಇರಲಿ. ತಳದಿಂದ ಎತ್ತರ ವ್ಯಾಸದ ಅರ್ಧ ಅಥವಾ 150 ಮಿ.ಮೀ, ಯಾವುದು ಜಾಸ್ತಿಯೋ ಅದು. ನಮ್ಮ 200ರ ಪೈಪಿಗೆ 150 ಮಿ.ಮೀ ಆಯಿತು. ಈ ತಟ್ಟೆಯ ಕೆಳಗಿನ ನೀರು ಲೆಕ್ಕಕ್ಕೆ ಬರುವುದಿಲ್ಲ. ಟ್ಯಾಂಕಿನ ಸಾಮರ್ಥ್ಯ ಬರೆಯುವಾಗ ಅದನ್ನು ಕಳೆಯಿರಿ.

ನಾಲ್ಕನೆಯದು ತಿರುವು. ಸ್ಪ್ಲಿಟ್ ಕೇಸ್ ಪಂಪಿನ ಇಂಪೆಲರ್‌ಗೆ ಎರಡೂ ಕಡೆಯಿಂದ ನೀರು ಸಮನಾಗಿ ಹೋಗಬೇಕು. ಎಲ್ಬೋ ಪಂಪಿನ ಶಾಫ್ಟಿಗೆ ಸಮಾನಾಂತರವಾಗಿ ಮಲಗಿದ್ದರೆ, ತಿರುಗಿ ಬರುವ ನೀರು ಒಂದು ಬದಿಗೆ ವಾಲುತ್ತದೆ. ಇಂಪೆಲರಿನ ಒಂದು ಬದಿಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಬೇರಿಂಗ್ ಬೇಗ ಹಾಳಾಗುತ್ತದೆ. ಇಂಥ ಎಲ್ಬೋ ಮತ್ತು ಪಂಪಿನ ಫ್ಲೇಂಜ್ ನಡುವೆ ಪೈಪಿನ ವ್ಯಾಸದ 10 ಪಟ್ಟು ನೇರ ಪೈಪ್ ಇರಲಿ, ಅಂದರೆ ನಮ್ಮಲ್ಲಿ 2 ಮೀಟರ್. ಎಲ್ಬೋ ಮೇಲಿಂದ ಕೆಳಗೆ ಬರುವ ಥರದ್ದಾದರೆ ಈ ತೊಂದರೆ ಇಲ್ಲ.

ಸಕ್ಷನ್ ವಾಲ್ವ್ ಸ್ಪಿಂಡಲ್ ಹೊರಗೆ ಏಳುವ ಗೇಟ್ ವಾಲ್ವ್ ಆಗಿರಬೇಕು. ಬಟರ್‌ಫ್ಲೈ ಬೇಡ. ಪೂರ್ತಿ ತೆರೆದರೂ ಅದರ ತಟ್ಟೆ ನೀರಿನ ದಾರಿಯಲ್ಲೇ ನಿಂತು ಹರಿವನ್ನು ಕದಡುತ್ತದೆ. ಸಕ್ಷನ್ ಫ್ಲೇಂಜಿನಿಂದ 15 ಮೀಟರ್ ಒಳಗೆ ಅದಕ್ಕೆ ಜಾಗವಿಲ್ಲ.

ಇನ್ನು ಒಂದು ಲೆಕ್ಕ, ತಾಳ್ಮೆಯಿಂದ ನೋಡಿ. ನಮ್ಮ ಟ್ಯಾಂಕ್ ತುಂಬಿದಾಗ ನೀರು ಪಂಪಿನ ಶಾಫ್ಟಿಗಿಂತ 2.5 ಮೀಟರ್ ಮೇಲಿದೆ. ಸಕ್ಷನ್ ಪೈಪಿನ ಉದ್ದ 12 ಮೀಟರ್. ಶೇ. 150 ಹರಿವಿನಲ್ಲಿ ಪೈಪಿನ ಘರ್ಷಣೆಗೆ ಸುಮಾರು 0.5 ಮೀಟರ್, ಬಾಯಿ, ಎಲ್ಬೋ, ವಾಲ್ವಿಗೆ 0.7 ಮೀಟರ್, ನೀರಿಗೆ ವೇಗ ಕೊಡಲು 0.46 ಮೀಟರ್ ಹೋಗುತ್ತದೆ. ಒಟ್ಟು 1.66. ಉಳಿದದ್ದು 0.84 ಮೀಟರ್. ಅಂದರೆ ರಿಡ್ಯೂಸರಿಗೆ ಮುಂಚೆ, 200ರ ಪೈಪಿನ ಮೇಲೆ ಕೂತ ಗೇಜ್ ಪ್ಲಸ್ 0.08 ಬಾರ್ ತೋರಿಸಬೇಕು.

ಟ್ಯಾಂಕ್ ಖಾಲಿಯಾಗುತ್ತಾ ಬಂದು ನೀರು ಶಾಫ್ಟಿಗಿಂತ ಬರೀ 0.3 ಮೀಟರ್ ಮೇಲಿದ್ದಾಗ? ಅದೇ ಲೆಕ್ಕ, ಮೈನಸ್ 0.13 ಬಾರ್. ಟ್ಯಾಂಕಿನ ತಳ ಪಂಪಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಇದ್ದರೆ ಮೈನಸ್ 0.2 ಬಾರ್‌ವರೆಗೆ ಬಿಡಬಹುದು, ಹಾಗಾಗಿ ಇದು ಪಾಸ್. ಪರೀಕ್ಷೆ ಸಾಮಾನ್ಯವಾಗಿ ತುಂಬಿದ ಟ್ಯಾಂಕಿನಲ್ಲಿ ನಡೆಯುತ್ತದೆ ಅಲ್ವಾ? ಆದ್ದರಿಂದ ಅವತ್ತು ಗೇಜ್ ಶೂನ್ಯ ತೋರಿಸಿದರೂ ಖುಷಿಪಡಬೇಡಿ. ನೀರು ಇಳಿದಾಗ ಎಷ್ಟಾಗುತ್ತದೆ ಎಂದು ಕಳೆದು ನೋಡಿ. ಗೇಜ್ ಕೂಡ ಶೂನ್ಯಕ್ಕಿಂತ ಕೆಳಗೂ ಓದುವ ಕಾಂಪೌಂಡ್ ಗೇಜ್ ಆಗಿರಬೇಕು. ಮಾಮೂಲಿ ಗೇಜ್ ಶೂನ್ಯದಲ್ಲಿ ನಿಂತುಬಿಡುತ್ತದೆ, ನಿಮಗೆ ಏನೂ ಹೇಳುವುದಿಲ್ಲ.

ಡೀಸೆಲ್ ಎಂಜಿನ್

ಎಂಜಿನ್ನಿನ ಮೇಲೆ ಬರೆದ ಶಕ್ತಿ ನಿಮ್ಮ ಪಂಪ್ ಮನೆಯಲ್ಲಿ ಸಿಗುವ ಶಕ್ತಿ ಅಲ್ಲ. ಸಮುದ್ರಮಟ್ಟದಿಂದ 91 ಮೀಟರ್ ಮೇಲೆ ಹೋದ ಮೇಲೆ ಪ್ರತಿ 300 ಮೀಟರಿಗೆ ಶೇ. 3 ಕಳೆಯಬೇಕು. 25 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪ್ರತಿ 5.6 ಡಿಗ್ರಿಗೆ ಶೇ. 1. ಜಾಗ 900 ಮೀಟರ್ ಎತ್ತರದಲ್ಲಿದ್ದು ಕೋಣೆಯ ಬಿಸಿ 40 ಡಿಗ್ರಿ ಆದರೆ ಹತ್ತಿರ ಹತ್ತಿರ ಶೇ. 11 ಹೋಯಿತು. ನಮ್ಮ ಪಂಪಿಗೆ ಗರಿಷ್ಠ 66 ಕಿಲೋವ್ಯಾಟ್ ಬೇಕು. 75ರ ಎಂಜಿನ್ ಅಲ್ಲಿ 67ಕ್ಕೆ ಇಳಿಯುತ್ತದೆ. ಪಾಸ್ ಆಗುತ್ತದೆ, ಆದರೆ ಉಸಿರಾಡಲು ಜಾಗವಿಲ್ಲ. 80 ತೆಗೆದುಕೊಂಡೆವು.

ಡೀಸೆಲ್ ಟ್ಯಾಂಕಿಗೆ ಕಿಲೋವ್ಯಾಟಿಗೆ 5.07 ಲೀಟರ್. ತಳದ ಕೆಸರಿಗೆ ಶೇ. 5, ಹಿಗ್ಗುವುದಕ್ಕೆ ಶೇ. 5 ಸೇರಿಸಿ. 80 ಕಿಲೋವ್ಯಾಟಿಗೆ ಸುಮಾರು 446 ಲೀಟರ್.

ಬ್ಯಾಟರಿ ಎರಡು ಸೆಟ್. ಕಂಟ್ರೋಲರ್ 15 ಸೆಕೆಂಡ್ ಕ್ರ್ಯಾಂಕ್ ಮಾಡಿ 15 ಸೆಕೆಂಡ್ ಬಿಡುತ್ತದೆ, ಹೀಗೆ ಆರು ಸಲ, ಬ್ಯಾಟರಿ ಅದಲುಬದಲು ಮಾಡುತ್ತಾ. ಆಮೇಲೂ ಸ್ಟಾರ್ಟ್ ಆಗದಿದ್ದರೆ ಅಲಾರಂ ಹೊಡೆದು ನಿಲ್ಲುತ್ತದೆ. ಇನ್ನೊಂದು ವಿಷಯ ಹೊಸಬರಿಗೆ ವಿಚಿತ್ರ ಅನ್ನಿಸುತ್ತದೆ. ಎಣ್ಣೆಯ ಒತ್ತಡ ಬಿದ್ದರೂ, ನೀರು ಕಾದರೂ ಬೆಂಕಿಯ ಹೊತ್ತಿನಲ್ಲಿ ಈ ಎಂಜಿನ್ ತಾನಾಗಿ ನಿಲ್ಲಬಾರದು, ಅಲಾರಂ ಮಾತ್ರ. ಎಂಜಿನ್ ಸುಟ್ಟುಹೋದರೂ ಪರವಾಗಿಲ್ಲ, ನೀರು ಬರಬೇಕು. ನಿಲ್ಲಿಸಲೇಬೇಕಾದದ್ದು ಅತಿವೇಗ ಒಂದೇ. ಜನರೇಟರಿಗೆ ಬಳಸುವ ಮಾಮೂಲಿ ಎಂಜಿನ್, ಮಾಮೂಲಿ ಪ್ಯಾನೆಲ್ ತಂದು ಇಲ್ಲಿ ಕೂರಿಸಿದರೆ ಇದು ತಲೆಕೆಳಗಾಗುತ್ತದೆ.

ಎಂಜಿನ್ ತಣಿಸುವ ನೀರನ್ನು ಪಂಪಿನ ಡಿಸ್ಚಾರ್ಜ್‌ನಿಂದಲೇ, ನೀರು ಹಿಂದಕ್ಕೆ ಬರದಂತೆ ತಡೆಯುವ ಎನ್‌ಆರ್‌ವಿಗೆ ಮುಂಚೆ ತೆಗೆಯಿರಿ. ಹೀಗಿದ್ದರೆ ಚರ್ನಿನಲ್ಲಿಯೂ ಪಂಪಿನ ಮೂಲಕ ಸ್ವಲ್ಪ ನೀರು ಓಡುತ್ತಿರುತ್ತದೆ, ಪಂಪಿನ ಹೊಟ್ಟೆ ಕಾಯುವುದಿಲ್ಲ. ರೇಡಿಯೇಟರ್ ಇರುವ ಎಂಜಿನ್ ಆದರೆ ಪಂಪಿನ ಕೇಸಿಂಗ್‌ಗೆ ಚಿಕ್ಕ ರಿಲೀಫ್ ವಾಲ್ವ್ ಬೇಕೇ ಬೇಕು.

ದೊಡ್ಡ ರಿಲೀಫ್ ವಾಲ್ವಿನ ಪ್ರಶ್ನೆ ಬೇರೆ. ವೇಗ ಹಿಡಿದಿಡುವ ಗವರ್ನರ್ ಕೈಕೊಟ್ಟು ಎಂಜಿನ್ ಶೇ. 10 ಜಾಸ್ತಿ ಓಡಿದರೆ ಒತ್ತಡ 1.1ರ ವರ್ಗ, ಅಂದರೆ 1.21 ಪಟ್ಟು ಆಗುತ್ತದೆ. ಅದಕ್ಕೇ ಚರ್ನ್ ಒತ್ತಡವನ್ನು 1.21ರಿಂದ ಗುಣಿಸಿ, ಸಕ್ಷನ್ ಕಡೆಯ ಗರಿಷ್ಠ ಒತ್ತಡ ಸೇರಿಸಿ, ಪೈಪು ಮತ್ತು ಫಿಟಿಂಗ್‌ಗಳ ಮಿತಿಗೆ ಹೋಲಿಸಬೇಕು. ನಮ್ಮಲ್ಲಿ 8.4 × 1.21 + 0.25, ಅಂದರೆ 10.4 ಬಾರ್. ಫಿಟಿಂಗ್ ಮಿತಿ 12.1 ಬಾರ್. ರಿಲೀಫ್ ವಾಲ್ವ್ ಬೇಡ. ಬೇಡದ ಕಡೆ ಹಾಕದಿರುವುದೇ ಒಳ್ಳೆಯದು. ತಪ್ಪಾಗಿ ಸೆಟ್ ಮಾಡಿದ ರಿಲೀಫ್ ವಾಲ್ವ್ ಬೆಂಕಿಗೆ ಹೋಗಬೇಕಾದ ನೀರನ್ನು ಚರಂಡಿಗೆ ಬಿಡುತ್ತದೆ.

ಜಾಕಿ ಪಂಪ್: ಚಿಕ್ಕದಾಗಿದ್ದರೇ ಚೆನ್ನ

ಜಾಕಿಯ ಕೆಲಸ ಸೋರಿಕೆ ತುಂಬಿಸುವುದು ಮಾತ್ರ. ದೊಡ್ಡ ಜಾಕಿ ಹಾಕಿದರೆ ಭದ್ರ ಎಂದು ಅನ್ನಿಸಬಹುದು. ಆಗುವುದು ಉಲ್ಟಾ. ಕೆ ಅಂಶ 80 ಇರುವ ಒಂದು ಸ್ಪ್ರಿಂಕ್ಲರ್ 1 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 80 ಲೀಟರ್ ಬಿಡುತ್ತದೆ. ಜಾಕಿಯೇ 250 ಲೀಟರ್ ಕೊಡುವಂತಿದ್ದರೆ ಆ ಸ್ಪ್ರಿಂಕ್ಲರ್ ಒಡೆದು ನೀರು ಸುರಿಯುತ್ತಿದ್ದರೂ ಲೈನಿನ ಒತ್ತಡ ಬೀಳುವುದಿಲ್ಲ, ಡೀಸೆಲ್ ಪಂಪ್ ಮಲಗೇ ಇರುತ್ತದೆ. ರೇಟೆಡ್ ಹರಿವಿನ ಶೇ. 1 ಅನ್ನುವುದು ಕೈಲೆಕ್ಕ. ನಮಗೆ 38 ಲೀಟರ್, ಒಂದು ಸ್ಪ್ರಿಂಕ್ಲರಿಗಿಂತ ಕಡಿಮೆ.

ಒತ್ತಡ ಸೆಟ್ ಮಾಡುವುದು ಹೀಗೆ. ಜಾಕಿ ನಿಲ್ಲುವ ಒತ್ತಡ, ಡೀಸೆಲ್ ಪಂಪಿನ ಚರ್ನ್ ಮತ್ತು ಸಕ್ಷನ್ನಿನ ಕನಿಷ್ಠ ಒತ್ತಡ ಸೇರಿದಷ್ಟು: 8.4 ಬಾರ್. ಜಾಕಿ ಶುರುವಾಗುವುದು ಅದಕ್ಕಿಂತ 0.7 ಬಾರ್ ಕೆಳಗೆ: 7.7. ಡೀಸೆಲ್ ಪಂಪ್ ಶುರುವಾಗುವುದು ಇನ್ನೂ 0.35 ಕೆಳಗೆ: 7.35. ಡೀಸೆಲ್ ಪಂಪ್ ನಿಲ್ಲುವುದು ಮನುಷ್ಯರ ಕೈಯಿಂದ. ನಾನು ಅದನ್ನು ಆಟೋ ಸ್ಟಾಪ್‌ಗೆ ಹಾಕುವುದಿಲ್ಲ.

ಒತ್ತಡ ಓದುವ ಸೆನ್ಸಿಂಗ್ ಲೈನ್ ಪ್ರತಿ ಪಂಪಿಗೂ ಬೇರೆಯೇ ಇರಬೇಕು, ಜಾಕಿಗೂ ಸಹ. ಅದನ್ನು ಎನ್‌ಆರ್‌ವಿ ಮತ್ತು ಡಿಸ್ಚಾರ್ಜ್ ವಾಲ್ವ್ ನಡುವೆ ಜೋಡಿಸಿ. 15 ಮಿ.ಮೀ ತಾಮ್ರ, ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಪೈಪ್. ಅದರಲ್ಲಿ ಕನಿಷ್ಠ 1.5 ಮೀಟರ್ ಅಂತರದಲ್ಲಿ ಎರಡು ಚೆಕ್ ವಾಲ್ವ್, ಅವುಗಳ ತಟ್ಟೆಯಲ್ಲಿ 2.4 ಮಿ.ಮೀ ತೂತು. ನೀರಿನ ಹೊಡೆತದಿಂದ ಸ್ವಿಚ್ ಕುಣಿಯದಂತೆ ಇದು ಕಾಪಾಡುತ್ತದೆ. ಈ ಲೈನಿನಲ್ಲಿ ಮುಚ್ಚುವ ವಾಲ್ವ್ ಇರಬಾರದು. ಯಾರೋ ರಿಪೇರಿಗೆ ಮುಚ್ಚಿ ಮರೆತರೆ ಪಂಪ್ ಕಿವುಡಾಗುತ್ತದೆ.

ಜಾಕಿ ಎರಡು ನಿಮಿಷಕ್ಕೊಮ್ಮೆ ಎದ್ದು ಬೀಳುತ್ತಿದ್ದರೆ ಸ್ವಿಚ್ ತಿರುಗಿಸಬೇಡಿ. ಮೊದಲು ಡೀಸೆಲ್ ಪಂಪಿನ ಎನ್‌ಆರ್‌ವಿ ಮೇಲೆ ಕೈ ಇಟ್ಟು ಕಿವಿ ಕೊಡಿ. ಹೆಚ್ಚಿನ ಸಲ ಅದೇ ಹಿಂದಕ್ಕೆ ಬಿಡುತ್ತಿರುತ್ತದೆ.

ಪರೀಕ್ಷೆಯ ದಿನ

ಮೊದಲು ಸಕ್ಷನ್ ಪೈಪನ್ನು ತೊಳೆಯಬೇಕು, ಪಂಪಿಗೆ ಜೋಡಿಸುವ ಮುಂಚೆ, ಜೋರು ಹರಿವಿನಲ್ಲಿ. ಆಮೇಲೆ ಪೈಪುಗಳಿಗೆ 13.8 ಬಾರ್ ಒತ್ತಡ ಕೊಟ್ಟು ಎರಡು ಗಂಟೆ ಹಿಡಿದು ನೋಡಿ. ಕೆಲಸದ ಗರಿಷ್ಠ ಒತ್ತಡ 10.3 ಬಾರ್ ದಾಟಿದ್ದರೆ ಅದಕ್ಕಿಂತ 3.4 ಬಾರ್ ಜಾಸ್ತಿ ಕೊಡಿ.

ಹರಿವು ಅಳೆಯಲು ಟೆಸ್ಟ್ ಹೆಡರಿನ ನಾಜಲ್‌ಗಳಿಗೆ, ನೀರಿನ ಧಾರೆಯ ಒತ್ತಡ ಓದುವ ಪಿಟೋ ಗೇಜ್ ಹಿಡಿಯುತ್ತೇವೆ. ಸೂತ್ರ ಇದು. Q ನಿಮಿಷಕ್ಕೆ ಲೀಟರ್, d ಮಿ.ಮೀ, P ಬಾರ್, c ನಾಜಲ್‌ನ ಗುಣಾಂಕ:

```
Q = 0.666 × c × d² × √P
```

44.5 ಮಿ.ಮೀ ನಾಜಲ್, c 0.97 ಇದ್ದರೆ 1 ಬಾರಿಗೆ 1,279 ಲೀಟರ್. ನಾಲ್ಕು ನಾಜಲಿನಲ್ಲಿಯೂ ಪಿಟೋ 1.24 ಬಾರ್ ಓದಿದರೆ ಒಟ್ಟು ಸುಮಾರು 5,700 ಲೀಟರ್ ಬರುತ್ತಿದೆ ಎಂದರ್ಥ.

ಪ್ರತಿ ಬಿಂದುವಿನಲ್ಲಿ ನಾಲ್ಕು ಅಂಕಿಗಳನ್ನು ಒಟ್ಟಿಗೆ ಬರೆಯಿರಿ: ಹರಿವು, ಸಕ್ಷನ್ ಒತ್ತಡ, ಡಿಸ್ಚಾರ್ಜ್ ಒತ್ತಡ, ಆರ್‌ಪಿಎಂ. ನಾಲ್ಕನೆಯದನ್ನು ಮರೆಯುವವರೇ ಜಾಸ್ತಿ. ಮೋಟಾರಿನ ವೇಗ ಹೆಚ್ಚು ಬದಲಾಗುವುದಿಲ್ಲ, ಡೀಸೆಲ್ ಎಂಜಿನ್ ಹಾಗಲ್ಲ. ಭಾರ ಕಡಿಮೆ ಇದ್ದಾಗ ವೇಗವಾಗಿ, ಭಾರ ಬಿದ್ದಾಗ ನಿಧಾನವಾಗಿ ಓಡುತ್ತದೆ. ಗವರ್ನರನ್ನು ಗರಿಷ್ಠ ಭಾರದಲ್ಲಿ ರೇಟೆಡ್ ವೇಗ ಬರುವಂತೆ ಹೊಂದಿಸುವುದರಿಂದ ಚರ್ನಿನಲ್ಲಿ ಅದು 2,100 ದಾಟುತ್ತದೆ. ಆದ್ದರಿಂದ ಓದಿದ್ದನ್ನು ರೇಟೆಡ್ ವೇಗಕ್ಕೆ ತಂದು ಆಮೇಲೆ ಕರ್ವಿಗೆ ಹೋಲಿಸಬೇಕು:

```
Q2 = Q1 × (N2 / N1)
P2 = P1 × (N2 / N1)²
```

ನಮ್ಮ ಚರ್ನಿನಲ್ಲಿ 2,160 ಆರ್‌ಪಿಎಂಗೆ ನಿವ್ವಳ ಒತ್ತಡ, ಅಂದರೆ ಡಿಸ್ಚಾರ್ಜ್ ಒತ್ತಡದಿಂದ ಸಕ್ಷನ್ ಒತ್ತಡ ಕಳೆದದ್ದು, 8.9 ಬಾರ್ ಬಂತು. ಸರಿಪಡಿಸಿದರೆ 8.41, ಕರ್ವಿನ ಮೇಲೇ ಕೂತಿತು. ರೇಟೆಡ್ ಬಿಂದುವಿನಲ್ಲಿ 2,130 ಆರ್‌ಪಿಎಂ, 3,840 ಲೀಟರ್, 7.2 ಬಾರ್. ಸರಿಪಡಿಸಿದ ಮೇಲೆ 3,786 ಲೀಟರಿಗೆ 7.0 ಬಾರ್. ಎರಡು ಬಿಂದು ಪಾಸ್.

ಮೂರನೆಯದರಲ್ಲಿ ಜಲ್ಲಿಕಲ್ಲಿನ ಸದ್ದು. ನಿವ್ವಳ ಒತ್ತಡ 4.3 ಕೂಡು 0.55, ಅಂದರೆ 4.85 ಬಾರ್. ಕರ್ವ್ ಪ್ರಕಾರ 4,900 ಲೀಟರಿಗೆ 6 ಬಾರ್ ಇರಬೇಕಿತ್ತು. ಪಂಪ್ ಸವೆದಿದ್ದರೆ ಅಥವಾ ಇಂಪೆಲರ್ ಅಳತೆ ತಪ್ಪಿದ್ದರೆ ಮೊದಲ ಎರಡು ಬಿಂದುಗಳಲ್ಲೂ ಅದು ಕಾಣಬೇಕಿತ್ತು. ಹರಿವು ಹೆಚ್ಚಿದಾಗ ಮಾತ್ರ ಕುಸಿತ, ಜೊತೆಗೆ ಪ್ಲಸ್ 0.08ರ ಆಸುಪಾಸು ಇರಬೇಕಾದ ಸಕ್ಷನ್ ಮೈನಸ್ 0.55. ತಪ್ಪು ಪಂಪಿಗಿಂತ ಹಿಂದೆ ಇದೆ ಎಂದು ಗೇಜೇ ಹೇಳುತ್ತಿತ್ತು.

ಗೇಟ್ ವಾಲ್ವ್ ಪೂರ್ತಿ ತೆರೆದಿತ್ತು. ಸ್ಪಿಂಡಲ್ ಹೊರಗೆ ಎದ್ದಿರುವುದು ಕಣ್ಣಿಗೇ ಕಾಣುತ್ತಿತ್ತು. ಉಳಿದದ್ದು ಟ್ಯಾಂಕ್. ನೀರು ಖಾಲಿ ಮಾಡಿ ಇಳಿದರೆ, ವೋರ್ಟೆಕ್ಸ್ ಪ್ಲೇಟಿನ ಸುತ್ತ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ಸೀರೆ ಉಟ್ಟ ಹಾಗೆ ಸುತ್ತಿಕೊಂಡಿತ್ತು. ಕಾಂಕ್ರೀಟಿಗೆ ಹೊದಿಸಿದ್ದನ್ನು ತೆಗೆಯದೆ ನೀರು ತುಂಬಿಸಿದ್ದರು. ಸಣ್ಣ ಹರಿವಿನಲ್ಲಿ ಅದು ಪಕ್ಕಕ್ಕೆ ತೇಲುತ್ತಿತ್ತು, ದೊಡ್ಡ ಹರಿವಿನಲ್ಲಿ ಬಾಯಿಗೆ ಅಂಟುತ್ತಿತ್ತು.

ಟ್ಯಾಂಕ್ ಗುಡಿಸಿ, ಸಕ್ಷನ್ ಪೈಪನ್ನು ಮತ್ತೆ ತೊಳೆದು ಎರಡು ದಿನ ಬಿಟ್ಟು ಓಡಿಸಿದೆವು. 2,095 ಆರ್‌ಪಿಎಂ, 5,697 ಲೀಟರ್, ಸಕ್ಷನ್ ಪ್ಲಸ್ 0.07, ಡಿಸ್ಚಾರ್ಜ್ 5.1. ಸದ್ದಿಲ್ಲ. ವ್ಯತ್ಯಾಸ 5.03. ಡಿಸ್ಚಾರ್ಜ್ ಪೈಪ್ ಕಿರಿದು, ಅಲ್ಲಿ ನೀರಿನ ವೇಗ ಜಾಸ್ತಿ. ಆ ವೇಗದ ಪಾಲು 0.1 ಬಾರ್ ಸೇರಿಸಿ, ಆರ್‌ಪಿಎಂ ಸರಿಪಡಿಸಿದರೆ 5.15 ಬಾರ್. ಕಾರ್ಖಾನೆ ಕರ್ವಿನ 5.2ಕ್ಕಿಂತ ಶೇ. 1ರಷ್ಟು ಮಾತ್ರ ಕಡಿಮೆ, ಅಳೆಯುವ ಗೇಜ್‌ಗಳ ನಿಖರತೆಯ ಮಿತಿಯೊಳಗೇ ಇದೆ. ಪಾಸ್.

ಹರಿವು ಮುಗಿದ ಮೇಲೆ ಸ್ಟಾರ್ಟ್ ಪರೀಕ್ಷೆ: ಆಟೋದಲ್ಲಿ ಆರು ಸಲ, ಕೈಯಿಂದ ಆರು ಸಲ. ಪ್ರತಿ ಸಲ ಐದು ನಿಮಿಷ ಪೂರ್ತಿ ವೇಗದಲ್ಲಿ ಓಡಬೇಕು. ಆಟೋ ಸ್ಟಾರ್ಟ್‌ಗಳನ್ನು ಎರಡೂ ಬ್ಯಾಟರಿ ಸೆಟ್‌ಗಳಿಗೆ ಸಮನಾಗಿ ಹಂಚಿ. ಆಟೋ ಸ್ಟಾರ್ಟ್‌ಗೆ ಬಟನ್ ಒತ್ತಬೇಡಿ. ಸೆನ್ಸಿಂಗ್ ಲೈನಿನ ನೀರು ಬಿಟ್ಟು ನಿಜವಾಗಿ ಒತ್ತಡ ಇಳಿಸಿ, ಯಾವ ಒತ್ತಡದಲ್ಲಿ ಎಂಜಿನ್ ಎದ್ದಿತು ಎಂದು ಬರೆದುಕೊಳ್ಳಿ. ನಮ್ಮಲ್ಲಿ ಜಾಕಿ 7.7ಕ್ಕೆ ಎದ್ದಿತು, ಎಂಜಿನ್ 7.3ಕ್ಕೆ. ಎಲ್ಲ ಸೇರಿ ಪಂಪ್ ಒಂದು ಗಂಟೆಗೆ ಕಡಿಮೆ ಇಲ್ಲದಂತೆ ಓಡಿರಬೇಕು. ಅತಿವೇಗ ನಿಲುಗಡೆ ಮತ್ತು ಅಲಾರಂಗಳನ್ನು ಒಂದೊಂದಾಗಿ ಮಾಡಿ ನೋಡಿ.

ಕೊನೆಗೆ ಟೆಸ್ಟ್ ಹೆಡರಿನ ವಾಲ್ವ್ ಮುಚ್ಚಿ, ಸಕ್ಷನ್ ಮತ್ತು ಡಿಸ್ಚಾರ್ಜ್ ವಾಲ್ವ್‌ಗಳು ತೆರೆದಿರುವಾಗಲೇ ಸರಪಳಿ ಹಾಕಿ ಬೀಗ ಜಡಿಯಿರಿ. ಟ್ಯಾಂಕ್ ಮತ್ತೆ ತುಂಬಿಸಿ. ಡೀಸೆಲ್ ಮಟ್ಟ ನೋಡಿ, ಪರೀಕ್ಷೆಯಲ್ಲಿ ಸಾಕಷ್ಟು ಕುಡಿದಿರುತ್ತದೆ. ಕಂಟ್ರೋಲರ್ ಸ್ವಿಚ್ ಆಟೋದಲ್ಲಿದೆಯೇ ಎಂದು ಇಬ್ಬರು ಬೇರೆ ಬೇರೆಯಾಗಿ ನೋಡಿ, ಆಮೇಲೆ ಸಹಿ ಹಾಕಿ.